ಆಮ್ಲೋಡಿಪಿನ್ ಮತ್ತು ಕಾಲಿನ ಊತ: ಪರಿಹಾರಗಳ ಒಂದು ವಿಮರ್ಶೆ

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹಿರಿಯರು ನಮ್ಮ ಪ್ರತಿಯೊಂದು ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಹೇಳುವ ಮಾತು ಇದು: "ಬೆಳಿಗ್ಗೆ ಸರಿಯಾಗಿರುತ್ತೆ, ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತೆ. ಕಾಲಿಗೆ ನೀರು ಇಳಿದಿದೆ." ಅವರು ನುಂಗುತ್ತಿರುವ ಮಾತ್ರೆ ಆಮ್ಲೋಡಿಪಿನ್ ಆಗಿದ್ದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಲಿನ ಗಿಣ್ಣಿನ ಸುತ್ತ ಊತ ಬರುವುದು ಈ ಔಷಧದ ಅತಿ ಪರಿಚಿತ ಅಡ್ಡಪರಿಣಾಮ.

ವಿಮರ್ಶೆ ಬೇಕಾಗಿರುವುದು ಊತಕ್ಕಲ್ಲ, ಅದಕ್ಕೆ ಸೂಚಿಸಲಾಗುವ ಪರಿಹಾರಗಳಿಗೆ. 'ನೀರು ಇಳಿದಿದೆ' ಎಂಬ ಮಾತಿನಿಂದ 'ನೀರು ತೆಗೆಯುವ ಮಾತ್ರೆ' ಎಂಬ ಉತ್ತರ ತಾನಾಗಿಯೇ ಹುಟ್ಟುತ್ತದೆ. ಪ್ರಮಾಣ ಇಳಿಸಿದರಾಯಿತು ಎನ್ನುವವರಿದ್ದಾರೆ. ಮಾತ್ರೆಯನ್ನೇ ಬದಲಿಸಿ, ನೂರಕ್ಕೆ ತೊಂಬತ್ತೆಂಟು ಮಂದಿಗೆ ಊತ ಹೋಗುತ್ತದೆ ಎನ್ನುವ ಪ್ರಚಾರವೂ ಇದೆ. ಈ ಮೂರೂ ಉತ್ತರಗಳನ್ನು ಊತ ಹುಟ್ಟುವ ಬಗೆಯೊಡನೆ ಮತ್ತು ಪ್ರಯೋಗಗಳಿಂದ ದೊರೆತಿರುವ ಅಂಕಿಗಳೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಊತ ಹುಟ್ಟುವ ಬಗೆ

ಹೃದಯದಿಂದ ಹೊರಟ ರಕ್ತ ಧಮನಿಗಳಲ್ಲಿ ಹರಿದು, ಕವಲೊಡೆದು, ಕೂದಲಿಗಿಂತ ಸಣ್ಣದಾದ ಕಿರುಧಮನಿಗಳನ್ನು ತಲಪುತ್ತದೆ. ಅಲ್ಲಿಂದ ಒಂದೇ ಪದರ ಜೀವಕೋಶಗಳ ಗೋಡೆಯುಳ್ಳ ಲೋಮನಾಳಗಳಿಗೆ, ಆಮೇಲೆ ಕಿರುಸಿರೆಗಳಿಗೆ, ಕೊನೆಗೆ ಸಿರೆಗಳಿಗೆ ಹೋಗುತ್ತದೆ. ಕಿರುಧಮನಿಯ ಗೋಡೆಯಲ್ಲಿ ಸ್ನಾಯುವಿನ ಸುತ್ತುಪಟ್ಟಿ ಇದೆ. ಅದು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಹಿರಿದಾಗುತ್ತದೆ. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಅಯಾನುಗಳು ಜೀವಕೋಶದೊಳಗೆ ಬರಬೇಕು. ಅವು ಬರುವ ಬಾಗಿಲುಗಳಲ್ಲಿ ಮುಖ್ಯವಾದವು 'ಎಲ್' ಬಗೆಯ ಕ್ಯಾಲ್ಸಿಯಂ ನಾಲೆಗಳು. ಆಮ್ಲೋಡಿಪಿನ್ ಈ ಬಾಗಿಲುಗಳನ್ನು ಅಡ್ಡಗಟ್ಟುತ್ತದೆ. ಆಗ ಸ್ನಾಯು ಸಡಿಲಗೊಂಡು ಕಿರುಧಮನಿ ಹಿಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ನಮಗೆ ಬೇಕಾದದ್ದು ಇಷ್ಟೇ.

ಆದರೆ ಲೋಮನಾಳದ ಆಚೆ ಬದಿಯಲ್ಲಿರುವ ಕಿರುಸಿರೆಯ ಮೇಲೆ ಆಮ್ಲೋಡಿಪಿನ್‌ನ ಪ್ರಭಾವ ತೀರ ಕಡಿಮೆ. ಒಳಬರುವ ನಲ್ಲಿಯನ್ನು ದೊಡ್ಡದು ಮಾಡಿ, ಹೊರಹೋಗುವ ಕೊಳವೆಯನ್ನು ಹಾಗೆಯೇ ಬಿಟ್ಟರೆ ತೊಟ್ಟಿಯಲ್ಲಿ ನೀರಿನ ಮಟ್ಟ ಏರುತ್ತದಲ್ಲವೆ? ಇಲ್ಲೂ ಹಾಗೆಯೇ. ಇಡೀ ದೇಹದ ರಕ್ತದೊತ್ತಡ ಇಳಿದಿದ್ದರೂ ಲೋಮನಾಳದೊಳಗಿನ ಒತ್ತಡ ಮಾತ್ರ ಏರುತ್ತದೆ. ಇದು ಒಪ್ಪಲು ಕಷ್ಟವೆನಿಸುವ ಮಾತು. ಆದ್ದರಿಂದ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಇಲ್ಲಿರುವ ಅಂಕಿಗಳು ಯಾರ ದೇಹದಲ್ಲೂ ಅಳೆದವಲ್ಲ, ತತ್ತ್ವವನ್ನು ತೋರಿಸಲು ಆರಿಸಿಕೊಂಡವು.

ಧಮನಿಯ ಕಡೆ ಸರಾಸರಿ ಒತ್ತಡ 95 ಮಿ.ಮೀ. ಪಾದರಸ, ಸಿರೆಯ ಕಡೆ 5 ಮಿ.ಮೀ. ಎಂದಿಟ್ಟುಕೊಳ್ಳಿ. ನಡುವಿನ ವ್ಯತ್ಯಾಸ 90. ಕಿರುಧಮನಿಯ ತಡೆ 4 ಪಾಲು, ಕಿರುಸಿರೆಯ ತಡೆ 1 ಪಾಲು ಇದ್ದರೆ ಒಟ್ಟು ತಡೆ 5 ಪಾಲು. ಸರಣಿಯಲ್ಲಿ ಜೋಡಿಸಿದ ಎರಡು ವಿದ್ಯುತ್ ರೋಧಕಗಳಲ್ಲಿ ವೋಲ್ಟೇಜು ಹಂಚಿಹೋಗುವಂತೆಯೇ ಇಲ್ಲಿ ಒತ್ತಡ ಹಂಚಿಹೋಗುತ್ತದೆ. ಲೋಮನಾಳದ ಒತ್ತಡವೆಂದರೆ ಸಿರೆಯ 5ಕ್ಕೆ 90ರ ಐದನೆಯ ಒಂದು ಪಾಲನ್ನು, ಅಂದರೆ 18ನ್ನು ಸೇರಿಸಿದಾಗ ಬರುವ 23 ಮಿ.ಮೀ.

ಈಗ ಆಮ್ಲೋಡಿಪಿನ್ ಕೊಟ್ಟು ಕಿರುಧಮನಿಯ ತಡೆಯನ್ನು 4ರಿಂದ 2ಕ್ಕೆ ಇಳಿಸೋಣ. ನಾಳದ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ ತ್ರಿಜ್ಯ ನೂರಕ್ಕೆ 19ರಷ್ಟು ಹಿಗ್ಗಿದರೆ ತಡೆ ಅರ್ಧವಾಗುತ್ತದೆ. ಧಮನಿಯ ಒತ್ತಡ 95ರಿಂದ 85ಕ್ಕೆ ಇಳಿಯಿತೆನ್ನಿ. ವ್ಯತ್ಯಾಸ ಈಗ 80. ಒಟ್ಟು ತಡೆ 3 ಪಾಲು, ಅದರಲ್ಲಿ ಕಿರುಸಿರೆಯದು 1. ಲೋಮನಾಳದ ಒತ್ತಡ 5ಕ್ಕೆ 80ರ ಮೂರನೆಯ ಒಂದು ಪಾಲು ಸೇರಿ ಸುಮಾರು 32 ಮಿ.ಮೀ. ರಕ್ತದೊತ್ತಡ 10 ಇಳಿಯಿತು, ಲೋಮನಾಳದ ಒತ್ತಡ 9 ಏರಿತು!

ಲೋಮನಾಳದ ಗೋಡೆಯಿಂದ ದ್ರವ ಹೊರಗೆ ಒಸರುವುದು ಎರಡು ಬಲಗಳ ಜಗ್ಗಾಟದಿಂದ ನಿರ್ಧಾರವಾಗುತ್ತದೆ ಎಂದು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದ. ಒಳಗಿನ ಒತ್ತಡ ದ್ರವವನ್ನು ಹೊರಕ್ಕೆ ನೂಕುತ್ತದೆ. ರಕ್ತದ ಪ್ರೋಟೀನುಗಳು ಸುಮಾರು 25 ಮಿ.ಮೀ. ಬಲದಿಂದ ಅದನ್ನು ಒಳಗೆ ಹಿಡಿದಿಡುತ್ತವೆ. ಹೊರಬಂದ ದ್ರವವನ್ನು ದುಗ್ಧನಾಳಗಳು ಹೀರಿ ರಕ್ತಕ್ಕೆ ಮರಳಿಸುತ್ತವೆ. ಒಸರುವುದು ಹೀರುವುದನ್ನು ಮೀರಿದಾಗ ಊತ ಕಾಣಿಸಿಕೊಳ್ಳುತ್ತದೆ.

ಸಂಜೆಯೇ ಏಕೆ? ಕಾಲಿಗೇ ಏಕೆ?

ನಿಂತಿರುವ ಮನುಷ್ಯನ ಹೃದಯದಿಂದ ಕಾಲಿನ ಗಿಣ್ಣಿನವರೆಗೆ ಸುಮಾರು 120 ಸೆಂ.ಮೀ. ಎತ್ತರದ ರಕ್ತದ ಕಂಬವಿದೆ. ಅದರ ತೂಕವೇ ಗಿಣ್ಣಿನ ಬಳಿ ಸುಮಾರು 90 ಮಿ.ಮೀ. ಪಾದರಸದಷ್ಟು ಒತ್ತಡವನ್ನು ಸೇರಿಸುತ್ತದೆ. ಆದರೂ ನಿಂತ ಮಾತ್ರಕ್ಕೆ ನಮಗೆಲ್ಲ ಕಾಲು ಊದಿಕೊಳ್ಳುವುದಿಲ್ಲ. ಇದಕ್ಕೆ ಎರಡು ರಕ್ಷಣೆಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಜೊತೆಗೆ, ನಾವು ಎದ್ದು ನಿಂತೊಡನೆ ಕಾಲಿನ ಕಿರುಧಮನಿಗಳು ತಾವಾಗಿಯೇ ಬಿಗಿದುಕೊಂಡು ಲೋಮನಾಳಗಳಿಗೆ ನುಗ್ಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಆಮ್ಲೋಡಿಪಿನ್ ಈ ಎರಡನೆಯ ರಕ್ಷಣೆಯನ್ನು ಮಂಕುಗೊಳಿಸುತ್ತದೆ, ಏಕೆಂದರೆ ಬಿಗಿಯಬೇಕಾದ ಸ್ನಾಯುವನ್ನೇ ಅದು ಸಡಿಲಿಸಿರುತ್ತದೆ.

ಆದ್ದರಿಂದಲೇ ಈ ಊತ ದಿನವೆಲ್ಲ ನಿಂತು ಪಾಠ ಮಾಡುವ ಶಿಕ್ಷಕರಲ್ಲಿ, ಬಸ್ಸಿನಲ್ಲಿ ಕಾಲು ಇಳಿಬಿಟ್ಟು ದೂರ ಪ್ರಯಾಣ ಮಾಡುವವರಲ್ಲಿ ಹೆಚ್ಚು ಕಾಣುತ್ತದೆ. ಸೆಕೆಗಾಲದಲ್ಲಿ ಚರ್ಮದ ನಾಳಗಳು ಮತ್ತಷ್ಟು ಹಿಗ್ಗುವುದರಿಂದ ತೊಂದರೆ ಹೆಚ್ಚು. ರಾತ್ರಿ ಮಲಗಿದಾಗ ರಕ್ತದ ಕಂಬ ಅಡ್ಡವಾಗುತ್ತದೆ, ಬೆಳಿಗ್ಗೆ ಊತ ಇಳಿದಿರುತ್ತದೆ. ಎರಡೂ ಕಾಲುಗಳಲ್ಲಿ ಸಮನಾಗಿರುವುದು, ಸಂಜೆ ಏರಿ ಬೆಳಿಗ್ಗೆ ಇಳಿಯುವುದು, ಅದಕ್ಕೆ ತಕ್ಕಷ್ಟು ದೇಹದ ತೂಕ ಏರದಿರುವುದು, ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವುದು – ಇವು ಆಮ್ಲೋಡಿಪಿನ್ ಊತದ ಗುರುತುಗಳು.

ಮೊದಲ ಉತ್ತರ: ನೀರಿನ ಮಾತ್ರೆ

ಮೂತ್ರವರ್ಧಕ ಔಷಧಗಳು ಮೂತ್ರಪಿಂಡದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ. ಹೃದಯ ಸೋತು ದೇಹದಲ್ಲಿ ಉಪ್ಪು ನೀರು ಶೇಖರವಾಗಿ ಬಂದ ಊತಕ್ಕೆ ಇವು ಒಳ್ಳೆಯ ಮದ್ದು. ಆಮ್ಲೋಡಿಪಿನ್ ಊತದಲ್ಲಾದರೋ ದೇಹದಲ್ಲಿ ನೀರು ಹೆಚ್ಚಾಗಿದೆ ಎಂಬುದಕ್ಕಿಂತ ನೀರು ತಪ್ಪು ಜಾಗಕ್ಕೆ ಸರಿದಿದೆ ಎನ್ನುವುದು ಸರಿ. ನಮ್ಮ ಲೆಕ್ಕಕ್ಕೇ ಮರಳೋಣ. ಮೂತ್ರವರ್ಧಕದಿಂದ ಧಮನಿಯ ಒತ್ತಡ 85ರಿಂದ 80ಕ್ಕೂ ಸಿರೆಯ ಒತ್ತಡ 5ರಿಂದ 4ಕ್ಕೂ ಇಳಿಯಿತೆನ್ನಿ. ಲೋಮನಾಳದ ಒತ್ತಡ 4ಕ್ಕೆ 76ರ ಮೂರನೆಯ ಒಂದು ಪಾಲು ಸೇರಿ ಸುಮಾರು 29. ಅಂದರೆ 32ರಿಂದ ಒಂದಿಷ್ಟು ಇಳಿಯಿತೇ ಹೊರತು ಮೊದಲಿನ 23ರ ಹತ್ತಿರಕ್ಕೂ ಬರಲಿಲ್ಲ. ತಡೆಗಳ ಅನುಪಾತ ಕೆಟ್ಟಿರುವಾಗ ನೀರು ಬಸಿದು ಸರಿಪಡಿಸುವ ಯತ್ನ ಇದು.

ಇದರಿಂದ ನಷ್ಟವೇನು ಎಂದು ಕೇಳಬಹುದು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಎದ್ದಾಗ ತಲೆಸುತ್ತಿ ಬೀಳುವುದು, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿಯುವುದು, ಯೂರಿಕ್ ಆಮ್ಲ ಏರಿ ಕೀಲು ನೋವು ಬರುವುದು – ಇವೆಲ್ಲ ವಯಸ್ಸಾದವರಲ್ಲಿ ಸಣ್ಣ ಸಂಗತಿಗಳಲ್ಲ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಬರೆಯುವುದು, ಅದರ ಅಡ್ಡಪರಿಣಾಮಕ್ಕೆ ಮತ್ತೊಂದನ್ನು ಸೇರಿಸುವುದು – ವೈದ್ಯಶಾಸ್ತ್ರದಲ್ಲಿ ಇದನ್ನು ಔಷಧಗಳ ಸರಪಳಿ ಎನ್ನಬಹುದು.

ಇಂಥ ಸರಪಳಿ ನಿಜವಾಗಿಯೂ ನಡೆಯುತ್ತದೆಯೆ? ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 66 ವರ್ಷ ಮೀರಿದ 41 ಸಾವಿರ ರಕ್ತದೊತ್ತಡ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ತಡೆಗಳನ್ನು ಹೊಸದಾಗಿ ಶುರುಮಾಡಿದವರಲ್ಲಿ ನೂರಕ್ಕೆ 1.4 ಮಂದಿಗೆ 90 ದಿನಗಳೊಳಗೆ ಪ್ರಬಲ ಮೂತ್ರವರ್ಧಕ ಬರೆಯಲಾಗಿತ್ತು. ರೆನಿನ್–ಆಂಜಿಯೊಟೆನ್ಸಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಔಷಧ ಪಡೆದವರಲ್ಲಿ ಈ ಪ್ರಮಾಣ 0.7. ಸಂಖ್ಯೆ ಚಿಕ್ಕದು, ಆದರೆ ಇಮ್ಮಡಿ. ಕೋಟ್ಯಂತರ ಜನ ಸೇವಿಸುವ ಔಷಧದ ಮಟ್ಟಿಗೆ ಚಿಕ್ಕ ಸಂಖ್ಯೆಯೂ ದೊಡ್ಡ ಜನಸಮೂಹವೇ.

ಇಲ್ಲೊಂದು ಎಚ್ಚರಿಕೆ. ಕ್ಲೋರ್‌ಥಾಲಿಡೋನ್‌ನಂಥ ಮೂತ್ರವರ್ಧಕಗಳನ್ನು ರಕ್ತದೊತ್ತಡ ಇಳಿಸುವುದಕ್ಕೆಂದೇ ಆಮ್ಲೋಡಿಪಿನ್ ಜೊತೆ ಕೊಡುವುದುಂಟು. ಅದು ಸರಿಯಾದ ಚಿಕಿತ್ಸೆಯೇ. ಟೀಕೆ ಇರುವುದು ಊತವನ್ನು ಇಳಿಸಲೆಂದೇ ಕೊಡುವ ಮೂತ್ರವರ್ಧಕದ ಬಗ್ಗೆ.

ಎರಡನೆಯ ಉತ್ತರ: ಪ್ರಮಾಣ ಇಳಿಸುವುದು

ಆಮ್ಲೋಡಿಪಿನ್ ಊತ ಪ್ರಮಾಣಕ್ಕೆ ಅಂಟಿಕೊಂಡ ಪರಿಣಾಮ. ಅಮೆರಿಕದಲ್ಲಿ 1992ರಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಈ ಔಷಧದ ಅಧಿಕೃತ ಮಾಹಿತಿ ಪತ್ರದಲ್ಲೇ ಈ ಅಂಕಿಗಳಿವೆ. ಹುಸಿಮಾತ್ರೆ ಪಡೆದವರಲ್ಲಿ ಊತ ಕಂಡದ್ದು ನೂರಕ್ಕೆ 0.6 ಮಂದಿಗೆ. 2.5 ಮಿ.ಗ್ರಾಂ. ಪಡೆದವರಲ್ಲಿ 1.8, 5 ಮಿ.ಗ್ರಾಂ. ಪಡೆದವರಲ್ಲಿ 3.0, 10 ಮಿ.ಗ್ರಾಂ. ಪಡೆದವರಲ್ಲಿ 10.8. ಪ್ರಮಾಣ 5ರಿಂದ 10ಕ್ಕೆ ಇಮ್ಮಡಿಯಾದಾಗ ಊತ ಮೂರೂವರೆ ಪಟ್ಟು ಏರಿದೆ. ಹೆಂಗಸರಲ್ಲಿ ಊತ ಗಂಡಸರಿಗಿಂತ ಹೆಚ್ಚು ಎಂದೂ ಅದೇ ಪತ್ರ ಹೇಳುತ್ತದೆ.

ಈ ಅಂಕಿಗಳು ಅಲ್ಪಾವಧಿಯ ಪ್ರಯೋಗಗಳಿಂದ ಬಂದವು ಎಂಬುದನ್ನು ಮರೆಯಬಾರದು. 106 ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆರು ತಿಂಗಳ ಹೊತ್ತಿಗೆ ಕ್ಯಾಲ್ಸಿಯಂ ತಡೆ ಸೇವಿಸುವವರಲ್ಲಿ ಊತ ನೂರಕ್ಕೆ 24ರವರೆಗೂ ಏರಬಹುದು. 'ಮೊದಲ ತಿಂಗಳು ಏನೂ ಆಗಲಿಲ್ಲ, ಆದ್ದರಿಂದ ಇದು ಮಾತ್ರೆಯಿಂದಲ್ಲ' ಎನ್ನುವ ವಾದ ಹಾಗಾಗಿ ನಿಲ್ಲುವುದಿಲ್ಲ.

ಇನ್ನು ರಕ್ತದೊತ್ತಡದ ಲಾಭವನ್ನು ನೋಡೋಣ. ಪ್ರಮಾಣ ಇಮ್ಮಡಿಯಾದರೆ ಲಾಭವೂ ಇಮ್ಮಡಿಯಾಗುತ್ತದೆಯೆ? ಇಲ್ಲ. 2003ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಕ್ಯಾಲ್ಸಿಯಂ ತಡೆಗಳ ಸಾಮಾನ್ಯ ಪ್ರಮಾಣ ಮೇಲಿನ ಒತ್ತಡವನ್ನು ಸರಾಸರಿ 8.8 ಮಿ.ಮೀ. ಇಳಿಸಿದರೆ ಇಮ್ಮಡಿ ಪ್ರಮಾಣ ಇಳಿಸಿದ್ದು 11.7 ಮಿ.ಮೀ. ಎರಡನೆಯ 5 ಮಿ.ಗ್ರಾಂ.ನಿಂದ ಸಿಗುವುದು ಸುಮಾರು 3 ಮಿ.ಮೀ. ಲಾಭ. ಊತದ ಬಹುಪಾಲು ಬರುವುದೂ ಅದೇ ಎರಡನೆಯ 5 ಮಿ.ಗ್ರಾಂ.ನಿಂದ. ಹಾಗಾಗಿ 10ರಲ್ಲಿ ಊತ ಬಂದವರಿಗೆ 5ಕ್ಕೆ ಇಳಿಸುವುದು ವೈಜ್ಞಾನಿಕವಾಗಿ ಸಮರ್ಥನೀಯ.

ಆದರೆ ಇದು ಅರ್ಧ ಉತ್ತರ ಮಾತ್ರ. ಪ್ರಮಾಣ ಏರಿಸಿದ್ದಕ್ಕೆ ಒಂದು ಕಾರಣವಿತ್ತು, ಅದು ಏರಿದ ರಕ್ತದೊತ್ತಡ. ಇಳಿಸಿ ಸುಮ್ಮನಾದರೆ ಕಾಲು ಸಣ್ಣಗಾಗಬಹುದು, ಒತ್ತಡ ಮತ್ತೆ ಮೇಲೇರಬಹುದು. ಊತ ನೋವು ಕೊಡುತ್ತದೆ, ಕಣ್ಣಿಗೆ ಕಾಣುತ್ತದೆ. ಏರಿದ ರಕ್ತದೊತ್ತಡ ನೋವೂ ಕೊಡುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕಾಣುವ ತೊಂದರೆಯನ್ನು ಕಳೆದುಕೊಳ್ಳಲು ಕಾಣದ ಅಪಾಯವನ್ನು ತಂದುಕೊಂಡಂತೆ ಆಗಬಾರದು.

ಇನ್ನೊಂದು ಸಂಗತಿ ಕಾಲದ್ದು. ರಕ್ತದಲ್ಲಿ ಆಮ್ಲೋಡಿಪಿನ್ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಪ್ರಮಾಣ ಬದಲಿಸಿದರೆ ಹೊಸ ಮಟ್ಟ ನೆಲೆಗೊಳ್ಳಲು ಒಂದು ವಾರದ ಮೇಲಾಗುತ್ತದೆ, ಅಂಗಾಂಶದಲ್ಲಿ ನಿಂತ ದ್ರವ ಹೋಗಲು ಇನ್ನಷ್ಟು ದಿನ. ಇಳಿಸಿದ ಮೂರನೆಯ ದಿನಕ್ಕೇ 'ಏನೂ ಪ್ರಯೋಜನವಾಗಲಿಲ್ಲ' ಎಂದು ತೀರ್ಮಾನಿಸುವುದು ಆತುರ. ಎರಡರಿಂದ ನಾಲ್ಕು ವಾರ ಕಾದು ನೋಡಬೇಕು.

ಮೂರನೆಯ ಉತ್ತರ: ಮಾತ್ರೆ ಬದಲಾವಣೆ

ವಿಮರ್ಶೆಗೆ ಅತಿ ಯೋಗ್ಯವಾದ ಭಾಗ ಇದು. ಆಮ್ಲೋಡಿಪಿನ್ ಅಣುವಿಗೆ ಎರಡು ರೂಪಗಳಿವೆ. ನಮ್ಮ ಎಡಗೈ ಬಲಗೈಗಳಂತೆ ಅವು ಒಂದಕ್ಕೊಂದು ದರ್ಪಣ ಬಿಂಬಗಳು. ಸಾಧಾರಣ ಮಾತ್ರೆಯಲ್ಲಿ ಎರಡೂ ಸಮಪಾಲಿನಲ್ಲಿರುತ್ತವೆ. ಕ್ಯಾಲ್ಸಿಯಂ ನಾಲೆಯನ್ನು ತಡೆಯುವುದು 'ಎಸ್' ರೂಪ. 'ಆರ್' ರೂಪಕ್ಕೆ ಆ ಶಕ್ತಿ ಬಹುಮಟ್ಟಿಗೆ ಇಲ್ಲ. ಆದ್ದರಿಂದ 2.5 ಮಿ.ಗ್ರಾಂ. ಎಸ್-ಆಮ್ಲೋಡಿಪಿನ್ 5 ಮಿ.ಗ್ರಾಂ. ಸಾಧಾರಣ ಆಮ್ಲೋಡಿಪಿನ್‌ಗೆ ಸಮ. ಈ ಬೇರ್ಪಡಿಸಿದ ರೂಪ ಭಾರತದ ಮಾರುಕಟ್ಟೆಗೆ 2000ರ ದಶಕದ ಮೊದಲಲ್ಲೇ ಬಂತು. ಅದರ ಜೊತೆ ಒಂದು ಅಂಕಿಯೂ ಬಂತು. ಸಾಧಾರಣ ಮಾತ್ರೆಯಿಂದ ಊತ ಬಂದಿದ್ದ 314 ಮಂದಿಗೆ ಎಸ್-ಆಮ್ಲೋಡಿಪಿನ್ ಕೊಟ್ಟಾಗ 310 ಮಂದಿಯಲ್ಲಿ ಊತ ಮಾಯವಾಯಿತು, ಅಂದರೆ ನೂರಕ್ಕೆ 98.7!

ವಿಜ್ಞಾನದ ವಿದ್ಯಾರ್ಥಿ ಇಂಥ ಅಂಕಿಯನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಹೋಲಿಕೆಯ ಗುಂಪು ಎಲ್ಲಿ? ಆ ಅಧ್ಯಯನದಲ್ಲಿ ಅದು ಇರಲಿಲ್ಲ. ರೋಗಿಗೂ ವೈದ್ಯನಿಗೂ ಯಾವ ಮಾತ್ರೆ ಕೊಡಲಾಗುತ್ತಿದೆ ಎಂದು ಗೊತ್ತಿತ್ತು. ಬದಲಾಯಿಸುವ ಮೊದಲು ಮತ್ತು ಬದಲಾಯಿಸಿದ ಮೇಲೆ ನೋಡಿದ್ದಷ್ಟೇ. ಹೀಗೆ ನೋಡಿದಾಗ ಬೇರೆ ಹಲವು ಕಾರಣಗಳು ಔಷಧದ ವೇಷ ಹಾಕಿಕೊಂಡು ಬರುತ್ತವೆ. ಊತ ದಿನದಿಂದ ದಿನಕ್ಕೆ ಏರಿಳಿಯುವಂಥದು. ಅತಿ ಹೆಚ್ಚಾಗಿದ್ದಾಗ ರೋಗಿ ವೈದ್ಯನ ಬಳಿಗೆ ಬರುತ್ತಾನೆ, ಏನು ಮಾಡಿದರೂ ಮಾಡದಿದ್ದರೂ ಮುಂದಿನ ಭೇಟಿಯಲ್ಲಿ ಅದು ಸ್ವಲ್ಪ ಕಡಿಮೆ ಇರುವ ಸಂಭವವೇ ಹೆಚ್ಚು. ಹೊಸ ಮಾತ್ರೆ ಎಂಬ ನಂಬಿಕೆ ರೋಗಿಯ ಉತ್ತರವನ್ನೂ ವೈದ್ಯನ ಕಣ್ಣನ್ನೂ ಬಣ್ಣಿಸುತ್ತದೆ. ಬದಲಾಯಿಸುವಾಗ ಪ್ರಮಾಣ ನಿಜಕ್ಕೂ ಸಮನಾಗಿತ್ತೆ ಎಂಬುದನ್ನೂ ಕೇಳಬೇಕು. 10 ಮಿ.ಗ್ರಾಂ. ಸಾಧಾರಣ ಮಾತ್ರೆಯಿಂದ 2.5 ಮಿ.ಗ್ರಾಂ. ಎಸ್ ರೂಪಕ್ಕೆ ಬಂದವರಿದ್ದರೆ ಅವರ ಪ್ರಮಾಣ ಅರ್ಧವಾದಂತೆಯೇ. ಆಗ ಊತ ಇಳಿದದ್ದು ರೂಪದಿಂದಲೋ ಪ್ರಮಾಣದಿಂದಲೋ ಹೇಳಲಾಗದು.

ಊತ ಹುಟ್ಟುವ ಬಗೆಯನ್ನು ತಿಳಿದವರಿಗೆ ಮತ್ತೊಂದು ಸಂಶಯವೂ ಬರಬೇಕು. ಕಿರುಧಮನಿಯನ್ನು ಹಿಗ್ಗಿಸುವುದು ಎಸ್ ರೂಪವೇ. ಲೋಮನಾಳದ ಒತ್ತಡ ಏರುವುದೂ ಅದರಿಂದಲೇ. ಹಾಗಿರುವಾಗ ಆರ್ ರೂಪವನ್ನು ತೆಗೆದೊಡನೆ ಊತ ಬಹುತೇಕ ಪೂರ್ತಿ ಏಕೆ ಮಾಯವಾಗಬೇಕು? ಆರ್ ರೂಪ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿಸಿ ನಾಳಗಳ ರಕ್ಷಣಾ ಬಿಗಿತವನ್ನು ಕೆಡಿಸುತ್ತದೆ ಎಂಬ ವಿವರಣೆ ಕೊಡಲಾಗಿದೆ. ಅದು ಸರಿಯೇ ಇದ್ದರೂ ಊತದ ಒಂದು ಭಾಗಕ್ಕೆ ಮಾತ್ರ ಅನ್ವಯಿಸಬಹುದು.

ಹೋಲಿಕೆಯ ಗುಂಪಿದ್ದ ಪ್ರಯೋಗ ಏನು ಹೇಳಿತು? ಶ್ರೀಲಂಕಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಯಾರಿಗೆ ಯಾವ ಮಾತ್ರೆ ಎಂದು ರೋಗಿಗೂ ವೈದ್ಯನಿಗೂ ತಿಳಿದಿರಲಿಲ್ಲ. ಸಾಧಾರಣ ಆಮ್ಲೋಡಿಪಿನ್ ಗುಂಪಿನಲ್ಲಿ ನೂರಕ್ಕೆ ಸುಮಾರು 46 ಮಂದಿಗೆ, ಎಸ್-ಆಮ್ಲೋಡಿಪಿನ್ ಗುಂಪಿನಲ್ಲಿ ಸುಮಾರು 31 ಮಂದಿಗೆ ಹೊಸದಾಗಿ ಊತ ಬಂತು. ಇಲ್ಲಿ ಅಳೆದದ್ದು ಹೊಸ ಊತವನ್ನು, ಹಿಂದಿನ ಅಧ್ಯಯನ ನೋಡಿದ್ದು ಇದ್ದ ಊತ ಹೋಗುವುದನ್ನು. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆಯುವಂತಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಎಸ್ ರೂಪಕ್ಕೆ ಲಾಭವಿದೆ, ಏಳು ಮಂದಿಗೆ ಕೊಟ್ಟರೆ ಒಬ್ಬರಿಗೆ ಊತ ತಪ್ಪುವಷ್ಟು. ಆದರೆ ಅದನ್ನು ತೆಗೆದುಕೊಂಡವರಲ್ಲೂ ಮೂರರಲ್ಲಿ ಒಬ್ಬರಿಗೆ ಊತ ಬಂದೇ ಬಂತು. '98.7' ಎಂಬ ಅಂಕಿ ಕೊಟ್ಟ ಭರವಸೆ ಇದಲ್ಲ.

ಬೇರೆ ಕ್ಯಾಲ್ಸಿಯಂ ತಡೆಗಳ ಕತೆ ಇದಕ್ಕಿಂತ ಗಟ್ಟಿ. ಕೊಬ್ಬಿನಲ್ಲಿ ಹೆಚ್ಚು ಕರಗುವ ಲರ್ಕಾನಿಡಿಪಿನ್, ಲಾಸಿಡಿಪಿನ್ ಇವು ಅದೇ ವಂಶದವು. ವಯಸ್ಸಾದ ರೋಗಿಗಳಲ್ಲಿ ಇವನ್ನು ಆಮ್ಲೋಡಿಪಿನ್ ಜೊತೆ ಹೋಲಿಸಿ 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊತ ಕಂಡದ್ದು ಆಮ್ಲೋಡಿಪಿನ್‌ನಲ್ಲಿ ನೂರಕ್ಕೆ 19, ಲರ್ಕಾನಿಡಿಪಿನ್‌ನಲ್ಲಿ 9, ಲಾಸಿಡಿಪಿನ್‌ನಲ್ಲಿ 4. ರಕ್ತದೊತ್ತಡದ ಇಳಿತ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಈ ಕೊನೆಯ ಮಾತು ಮುಖ್ಯ, ಏಕೆಂದರೆ ದುರ್ಬಲ ಔಷಧದಿಂದ ಊತ ಕಡಿಮೆ ಎಂದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಸಿಲ್ನಿಡಿಪಿನ್ 'ಎಲ್' ನಾಲೆಯ ಜೊತೆಗೆ ನರತುದಿಗಳಲ್ಲಿರುವ 'ಎನ್' ನಾಲೆಯನ್ನೂ ತಡೆದು ಸಿರೆಯ ಬದಿಯನ್ನೂ ಸಡಿಲಿಸುತ್ತದೆ. ಊತ ಕಡಿಮೆ ಎಂಬ ಅನುಭವಕ್ಕೆ ಈ ವಿವರಣೆ ಹೊಂದುತ್ತದೆ, ಆದರೆ ಅದರ ಪ್ರಯೋಗಗಳು ಹೆಚ್ಚಾಗಿ ಚಿಕ್ಕವು.

ಸೇರಿಸುವುದೇ ಇಳಿಸುವ ದಾರಿ

ಮೂರು ಉತ್ತರಗಳಲ್ಲೂ ಸಿಗದ ನಾಲ್ಕನೆಯದೊಂದಿದೆ. ಹೊರಹೋಗುವ ಕೊಳವೆಯನ್ನೂ ಹಿರಿದು ಮಾಡಿದರೆ? ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್ ಮುಂತಾದವು ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಆಂಜಿಯೊಟೆನ್ಸಿನ್ ಕಿರುಧಮನಿಯನ್ನು ಮಾತ್ರವಲ್ಲ, ಸಿರೆಯ ಬದಿಯನ್ನೂ ಬಿಗಿಯುತ್ತದೆ. ಅದನ್ನು ತಡೆದಾಗ ಎರಡು ಬದಿಯೂ ಸಡಿಲ. ನಮ್ಮ ಲೆಕ್ಕದಲ್ಲಿ ಕಿರುಸಿರೆಯ ತಡೆ 1ರಿಂದ 0.7ಕ್ಕೆ ಇಳಿದರೆ ಒಟ್ಟು ತಡೆ 2.7. ಧಮನಿಯ ಒತ್ತಡ 85 ಇದ್ದಂತೆಯೇ ಇದ್ದರೂ ಲೋಮನಾಳದ ಒತ್ತಡ 32ರಿಂದ 26ಕ್ಕೆ ಬರುತ್ತದೆ. ಮೂತ್ರವರ್ಧಕ 29ಕ್ಕೆ ತಂದಿತ್ತೆಂಬುದನ್ನು ನೆನಪಿಸಿಕೊಳ್ಳಿ.

ಪ್ರಯೋಗಗಳೂ ಇದನ್ನೇ ಹೇಳುತ್ತವೆ. 25 ಪ್ರಯೋಗಗಳ 17 ಸಾವಿರ ರೋಗಿಗಳನ್ನು ಒಳಗೊಂಡು 2011ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಕ್ಯಾಲ್ಸಿಯಂ ತಡೆಯ ಜೊತೆ ಇಂಥ ಔಷಧ ಸೇರಿಸಿದವರಿಗೆ ಊತದ ಸಂಭವ ನೂರಕ್ಕೆ 38ರಷ್ಟು ಕಡಿಮೆಯಾಗಿತ್ತು. ಊತದ ದೆಸೆಯಿಂದ ಮಾತ್ರೆ ಬಿಟ್ಟವರ ಸಂಖ್ಯೆ ಇನ್ನೂ ಕಡಿಮೆ. ಜೊತೆಗೆ ರಕ್ತದೊತ್ತಡದ ಲಾಭವೂ ಇದೆ. ಇರುವ ಔಷಧದ ಪ್ರಮಾಣ ಇಮ್ಮಡಿ ಮಾಡುವುದಕ್ಕಿಂತ ಬೇರೆ ಗುಂಪಿನ ಔಷಧ ಸೇರಿಸಿದರೆ ಹೆಚ್ಚುವರಿ ಇಳಿತ ಸುಮಾರು ಐದು ಪಟ್ಟು ಎಂದು 2009ರ ವಿಶ್ಲೇಷಣೆಯೊಂದು ತೋರಿಸಿದೆ.

ಒಂದು ಮಾದರಿ ಪ್ರಸಂಗ

ತತ್ತ್ವವನ್ನು ವ್ಯವಹಾರಕ್ಕೆ ಇಳಿಸಲು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. 62 ವರ್ಷದ ಗೃಹಿಣಿಯೊಬ್ಬರಿಗೆ 5 ಮಿ.ಗ್ರಾಂ. ಆಮ್ಲೋಡಿಪಿನ್‌ನಲ್ಲಿ ರಕ್ತದೊತ್ತಡ 150/90 ಇತ್ತು. 10 ಮಿ.ಗ್ರಾಂ.ಗೆ ಏರಿಸಿದಾಗ 140/84 ಆಯಿತು. ಮೂರು ವಾರಗಳ ನಂತರ ಎರಡೂ ಕಾಲು ಊದಿಕೊಂಡವು.

ವೈದ್ಯರು ಮೊದಲು ಮಾಡಬೇಕಾದದ್ದು ಬೇರೆ ಕಾರಣಗಳನ್ನು ತಳ್ಳಿಹಾಕುವುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ತುರ್ತು ಸ್ಥಿತಿ. ಮಲಗಿದರೆ ಉಸಿರು ಕಟ್ಟುವುದು, ತೂಕ ದಿನೇ ದಿನೇ ಏರುವುದು ಹೃದಯದ ಕಡೆ ಬೆರಳು ತೋರಿಸುತ್ತವೆ. ಬೆಳಿಗ್ಗೆ ಕಣ್ಣಿನ ಸುತ್ತ ಊತ, ನೊರೆ ಮೂತ್ರ ಇದ್ದರೆ ಮೂತ್ರಪಿಂಡವನ್ನು ನೋಡಬೇಕು. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಆಲ್ಬುಮಿನ್ ಪರೀಕ್ಷೆಗಳು ಇಲ್ಲಿ ನೆರವಾಗುತ್ತವೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು, ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ಸ್ಟೀರಾಯ್ಡ್‌ಗಳು ಇವೂ ಊತ ತರುತ್ತವೆ. ರೋಗಿ ಇವುಗಳ ಹೆಸರನ್ನು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಇವೆಲ್ಲ ಇಲ್ಲವೆಂದಾದರೆ ಪ್ರಮಾಣವನ್ನು 5ಕ್ಕೆ ಇಳಿಸಿ, ಅದೇ ದಿನ 40 ಮಿ.ಗ್ರಾಂ. ಟೆಲ್ಮಿಸಾರ್ಟಾನ್‌ನಂಥದನ್ನು ಸೇರಿಸುವುದು ತರ್ಕಬದ್ಧ. ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷಿಸಬೇಕು, ಏಕೆಂದರೆ ಈ ಗುಂಪಿನ ಔಷಧಗಳು ಕೆಲವರಲ್ಲಿ ಅವನ್ನು ಏರಿಸುತ್ತವೆ. ಗರ್ಭಿಣಿಯರಿಗೆ ಇವನ್ನು ಕೊಡುವಂತೆಯೇ ಇಲ್ಲ. ನಾಲ್ಕು ವಾರಗಳ ನಂತರವೂ ಊತ ಕಾಡುತ್ತಿದ್ದರೆ ಆಗ ಲರ್ಕಾನಿಡಿಪಿನ್‌ನಂಥ ಬದಲಿಯನ್ನು ಯೋಚಿಸಬಹುದು, ಅಥವಾ ಕ್ಯಾಲ್ಸಿಯಂ ತಡೆಯನ್ನೇ ಕೈಬಿಟ್ಟು ಬೇರೆ ಗುಂಪಿಗೆ ಹೋಗಬಹುದು. ಒಂದು ಸಲಕ್ಕೆ ಒಂದು ಯೋಚಿತ ಹೆಜ್ಜೆ ಇಟ್ಟರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ.

ರೋಗಿಯ ಮನೆಯವರು ಮಾಡಬಹುದಾದ ಕೆಲಸವೂ ಇದೆ. ದರ್ಜಿಯ ಟೇಪಿನಿಂದ ಗಿಣ್ಣಿನ ಮೇಲೆ ಅದೇ ಜಾಗದಲ್ಲಿ ಬೆಳಿಗ್ಗೆ ಮತ್ತು ಸಂಜೆ ಸುತ್ತಳತೆ ತೆಗೆದು, ಬೆಳಗಿನ ತೂಕ ಮತ್ತು ರಕ್ತದೊತ್ತಡದೊಡನೆ ಬರೆದಿಟ್ಟರೆ 'ಸ್ವಲ್ಪ ಪರವಾಗಿಲ್ಲ' ಎಂಬ ಮಾತಿನ ಬದಲು ವೈದ್ಯರ ಮುಂದೆ ಅಂಕಿಗಳನ್ನಿಡಬಹುದು. ಆಗಾಗ ಕಾಲನ್ನು ಎತ್ತರದಲ್ಲಿಟ್ಟು ಮಲಗುವುದು, ನಿಂತಲ್ಲೇ ನಿಲ್ಲದೆ ನಡೆದಾಡುವುದು ಆ 90 ಮಿ.ಮೀ. ಕಂಬದ ಹೊರೆಯನ್ನು ಇಳಿಸುತ್ತವೆ. ಬಿಗಿ ಕಾಲುಚೀಲವನ್ನು ಮಾತ್ರ ಕಾಲಿನ ಧಮನಿಗಳು ಸರಿಯಾಗಿವೆ ಎಂದು ವೈದ್ಯರು ಖಚಿತಪಡಿಸಿದ ಮೇಲೆಯೇ ಹಾಕಿಕೊಳ್ಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಂತೂ ಸಲ್ಲದು.

ಪ್ರಮಾಣ ಇಳಿಸುವುದು ಉಪಯುಕ್ತ, ಆದರೆ ಕಳೆದುಕೊಂಡ ಒತ್ತಡದ ಹತೋಟಿಯನ್ನು ಬೇರೆ ಔಷಧದಿಂದ ತುಂಬಿಸಿದಾಗ ಮಾತ್ರ. ಬದಲಿಸುವುದೂ ಉಪಯುಕ್ತ, ಆದರೆ ಪ್ರಚಾರದ ಅಂಕಿ ಹೇಳುವಷ್ಟಲ್ಲ, ಹೋಲಿಕೆಯ ಪ್ರಯೋಗ ತೋರಿಸುವಷ್ಟು. ಕಾಲಿನಲ್ಲಿ ಕಾಣುವುದು ನೀರೇ ಆದರೂ ಅದನ್ನು ಅಲ್ಲಿಗೆ ನೂಕಿದ್ದು ಎರಡು ಬದಿಯ ತಡೆಗಳ ಅಸಮತೋಲ. ಸರಿಪಡಿಸಬೇಕಾದ್ದೂ ಅದನ್ನೇ.